ರಫ್ ಕಟ್‌ನಲ್ಲೇ ಜಂಪ್ ಕಟ್ ಮುಚ್ಚಬೇಡಿ

ಸಾಕ್ಷ್ಯಚಿತ್ರದ ಮಾತುಗಳನ್ನು ಮೊದಲ ಸಲ ಜೋಡಿಸಿ ರಫ್ ಕಟ್ ಮಾಡಿದ ಒಬ್ಬರು, ಅದನ್ನು ನಯ ಮಾಡುವ ಫೈನ್ ಕಟ್‌ಗೆ ಹೋಗುವ ಮುಂಚೆ ಕೇಳಿದ್ದು: "22 ಗಂಟೆ ಇಂಟರ್‌ವ್ಯೂ ಇದೆ. ರಫ್ ಕಟ್ 2 ಗಂಟೆ 10 ನಿಮಿಷ ಆಗಿದೆ, 50 ನಿಮಿಷಕ್ಕೆ ಇಳಿಸಬೇಕು. ಫೈನ್ ಕಟ್‌ನಲ್ಲಿ ಎಲ್ಲರ 'ಆಂ', 'ಅಂದ್ರೆ', ಗ್ಯಾಪ್ ತೆಗೆದು ಬಿ-ರೋಲ್ ಹಾಕ್ತಾ ಹೋದ್ರೆ ಸಾಕಾ?"

ಸಾಲಲ್ಲ. ನಾನು ಇದನ್ನೇ ಮಾಡಿ ಎರಡು ತಿಂಗಳು ಕಳೆದುಕೊಂಡೆ.

ನನ್ನದು ಇಳಕಲ್ ನೇಕಾರರ ಮೇಲಿನ ಚಿತ್ರ. 11 ಜನ, 19 ಗಂಟೆ ಮಾತು. ಎಲ್ಲವನ್ನೂ ಬರೆಸಿ, ಪ್ರಿಂಟ್ ತೆಗೆದು, ಬೇಕಾದ ಕಡೆ ಗೀಟು ಹಾಕಿ ರಫ್ ಕಟ್ ಮಾಡಿದೆ. 1 ಗಂಟೆ 48 ನಿಮಿಷ ಬಂತು. ಅಲ್ಲಿಯವರೆಗೆ ಸರಿ ಇತ್ತು.

ಆಮೇಲೆ ಕೂತು ನೋಡಿದಾಗ ಜಂಪ್ ಕಟ್‌ಗಳು ಕಣ್ಣಿಗೆ ಚುಚ್ಚಿದವು. ಮಾತಿನ ಮಧ್ಯೆ ಕತ್ತರಿಸಿದ ಕಡೆಯೆಲ್ಲ ತಲೆ ಟಕ್ ಅಂತ ಈ ಕಡೆಯಿಂದ ಆ ಕಡೆ ಹಾರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಒಂದೊಂದರ ಮೇಲೂ ಲಾಳಿ, ಮಗ್ಗ, ನೂಲು ಸುತ್ತುವ ಕೈ, ಒಣಗಲು ಹಾಕಿದ ಬಣ್ಣದ ಎಳೆ ಅಂತ ಬಿ-ರೋಲ್ ಶಾಟ್ ಹಾಕಿ ಮುಚ್ಚಿದೆ. 'ಅಂದ್ರೆ'ಗಳನ್ನು ಹೆಕ್ಕಿ ತೆಗೆದೆ. ಒಬ್ಬರ ಮಾತಿನ ಕೊನೆಗೆ ಮುಂದಿನವರ ದನಿ ಹತ್ತಿಸಿದೆ. ಇಷ್ಟಾದ ಮೇಲೆ ಎಷ್ಟು ಇಳಿಯಿತು ಗೊತ್ತಾ? ಏಳೇ ನಿಮಿಷ. ಉಸಿರು, ತೊದಲು ಕತ್ತರಿಸಿದರೆ ಸಿಗುವುದು ಇಷ್ಟೇ.

ಏಳು ನಿಮಿಷದ್ದು ಹೋಗಲಿ, ನಿಜವಾದ ಪೆಟ್ಟು ಬೇರೆ. ಜಂಪ್ ಕಟ್ ಅನ್ನೋದು ಒಡೆದ ಗೋಡೆಯ ಬಿರುಕಿನ ಹಾಗೆ. ಮಾತು ಎಲ್ಲಿ ಕೂಡಲಿಲ್ಲ ಅಂತ ಅದು ತೋರಿಸುತ್ತಿರುತ್ತದೆ. ನಾನು ಅದರ ಮೇಲೆ ಸುಣ್ಣ ಬಳಿದೆ. ನೋಡಿದ ಗೆಳೆಯರೆಲ್ಲ "ಶಾಟ್ಸ್ ಸೂಪರ್" ಅಂದರು. ಚಿತ್ರ ಯಾವುದರ ಬಗ್ಗೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ನೂಲಿನ ಬೆಲೆ ಏರಿದ್ದನ್ನು ಮೂರು ಜನ ಮೂರು ಸಲ ಹೇಳುತ್ತಿದ್ದರು. ಸುಂದರವಾಗಿ ಮುಚ್ಚಿದ್ದರಿಂದ ನನಗೇ ಅದು ಕಂಡಿರಲಿಲ್ಲ. ಕೊನೆಗೆ ಇಬ್ಬರನ್ನು ತೆಗೆಯೋಣ ಅಂತ ಹೋದರೆ, ಒಬ್ಬರ ದನಿ ಇನ್ನೊಬ್ಬರ ಚಿತ್ರದ ಕೆಳಗೆ, ಅವರ ಶಾಟ್ ಮತ್ತೊಬ್ಬರ ಮಾತಿನ ಮೇಲೆ. ಒಂದು ಎಳೆದರೆ ಹತ್ತು ಬಿಚ್ಚಿಕೊಂಡು ಬಂದವು. ಅದಕ್ಕಿಂತ ಹೆಚ್ಚಾಗಿ, ಮೂರು ದಿನ ತಿದ್ದಿದ ಭಾಗವನ್ನು ಕಿತ್ತು ಹಾಕಲು ಮನಸ್ಸು ಬರಲ್ಲ ರೀ.

ಟೈಮ್‌ಲೈನಿನ ನಕಲು ಮಾಡಿಕೊಂಡು ಮೇಲಿನ ಶಾಟ್‌ಗಳನ್ನೆಲ್ಲ ತೆಗೆದೆ. ಬರೀ ಮುಖ, ಬರೀ ಮಾತು. ಒಂದೊಂದು ತುಣುಕಿಗೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ: ಯಾರು, ಏನು ಹೇಳಿದರು, ಎಷ್ಟು ನಿಮಿಷ. ಆಮೇಲೆ ಪಕ್ಕಪಕ್ಕದ ಎರಡು ಚೀಟಿ ಅದಲು ಬದಲು ಮಾಡಿ ನೋಡುತ್ತಾ ಹೋದೆ. ಬದಲಿಸಿದರೂ ಏನೂ ಕೆಡದಿದ್ದರೆ ಅವೆರಡರ ನಡುವೆ ಕೊಂಡಿಯೇ ಇಲ್ಲ ಅಂತ ಅರ್ಥ. ಅಂಥ ಜಾಗ ಜಾಸ್ತಿ ಇರುವ ತನಕ ನಿಮ್ಮದು ರಫ್ ಕಟ್ಟೇ. ಸೆರಗಿನ ಎಳೆಯನ್ನು ಮೈಯ ಎಳೆಗೆ ಕೊಂಡಿ ಹಾಕಿ ಸೇರಿಸುವ ತೋಪು ತೆನಿಯ ಬಗ್ಗೆ ನಾಲ್ಕು ನಿಮಿಷ ವಿವರಣೆ ಇತ್ತು. ಕೈ ಮಾಡುವುದನ್ನು ತೋರಿಸಿದರೆ ಮಾತೇ ಬೇಡ ಅಂತ ಆಗ ಹೊಳೆಯಿತು. 11 ಜನ 6 ಆದರು, ಸಮಯ 1 ಗಂಟೆ 5 ನಿಮಿಷಕ್ಕೆ ಬಂತು. ಫೈನ್ ಕಟ್ ಶುರು ಮಾಡಿದ್ದು ಆಮೇಲೆ.

ನೀವು ಗ್ಯಾಪ್ ತೆಗೀತೀನಿ ಅಂತೀರಲ್ಲ, ನಾನು ಫೈನ್ ಕಟ್‌ನಲ್ಲಿ ಗ್ಯಾಪ್ ವಾಪಸ್ ಹಾಕಿದೆ. ಒಬ್ಬ ಹಿರಿಯ ನೇಕಾರರನ್ನು "ಮಗ ಮಗ್ಗಕ್ಕೆ ಕೂಡ್ತಾನಾ ಅಜ್ಜಾರ?" ಅಂತ ಕೇಳಿದ್ದೆ. ಅವರು ಮಗ್ಗದ ಕಡೆ ತಿರುಗಿ, ಏಳು ಸೆಕೆಂಡ್ ಸುಮ್ನಿದ್ದು, "ನೋಡೋಣ ತಗೋರಿ" ಅಂದರು. ಕಾಗದದ ಮೇಲೆ ಆ ಮೌನ ಇರಲಿಲ್ಲ, ಮಾತಷ್ಟೇ ಇತ್ತು. ಹಾಗಾಗಿ ಮೊದಲ ಸಲ ಕೇಳಿದ ಕೂಡಲೇ ಉತ್ತರ ಬರುವ ಹಾಗೆ ಸೇರಿಸಿದ್ದೆ. ಅವರ ಮಗಳಿಗೆ ತೋರಿಸಿದಾಗ ಆಕೆ, "ನಮ್ಮಪ್ಪ ಹಿಂಗ ಅಂದಿಲ್ರಿ" ಅಂದಳು. ಅಂದಿದ್ದರು, ಅದೇ ಪದ. ಆದರೆ 'ಇಲ್ಲ' ಅನ್ನೋದನ್ನು ನಾನು 'ಹೂಂ' ಮಾಡಿಬಿಟ್ಟಿದ್ದೆ.

ಇನ್ನೊಂದು ತಲೆನೋವು ಸದ್ದಿನದು. ಮಾತಿನ ಹಿಂದೆ ಪಕ್ಕದ ಮನೆಯ ಮಗ್ಗ ಕೇಳಿಸುತ್ತಿತ್ತು. ಪ್ರತಿ ಕಟ್‌ನಲ್ಲೂ ಅದರ ತಾಳ ತಪ್ಪುತ್ತಿತ್ತು. ಚಿತ್ರ ಎಷ್ಟು ಮುಚ್ಚಿದರೂ ಕಿವಿ ಹಿಡಿದುಬಿಡುತ್ತೆ. ಪುಣ್ಯಕ್ಕೆ ಅಲ್ಲೇ ಹತ್ತು ನಿಮಿಷ ಬರೀ ಮಗ್ಗದ ಸದ್ದು ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿದ ಮೇಲೆ ಕಟ್‌ಗಳು ಕೇಳಿಸಲಿಲ್ಲ.

ಕೊನೆಗೆ 54 ನಿಮಿಷಕ್ಕೆ ನಿಂತಿತು. ಅಜ್ಜನ ಏಳು ಸೆಕೆಂಡ್ ಪೂರ್ತಿ ಇದೆ, ಅದರ ಮೇಲೆ ಯಾವ ಶಾಟೂ ಇಲ್ಲ.