ಅನ್ನ ಬೇಳೆ ಉಂಡ ಮೂರ್ನಾಲ್ಕು ಗಂಟೆಗೆ ಹೊಟ್ಟೆ ಉಬ್ಬರ: ತೊಂದರೆ ಎಲ್ಲಿ, ಏನು ಬದಲಿಸಬೇಕು

ಪ್ರಶ್ನೆ: ಮಧ್ಯಾಹ್ನ ಅನ್ನ ಬೇಳೆ ಸಾರು ಉಂಡರೆ ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬಿಕೊಂಡು ಗ್ಯಾಸ್ ಆಗ್ತದೆ. ತೊಗರಿಬೇಳೆಯನ್ನು ತೊಳೆದು ನೇರ ಕುಕ್ಕರಿಗೆ ಹಾಕ್ತೀನಿ, ಐದಾರು ವಿಸಲ್ ಕೂಗಿಸ್ತೀನಿ. ಇಂಗು, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿ ಹಾಕಿದ್ರೂ ಕಡಿಮೆಯಾಗಿಲ್ಲ. ಅನ್ನ ಬಿಡಬೇಕಾ, ಬೇಳೆ ಬಿಡಬೇಕಾ?

ಉತ್ತರ: ಎರಡನ್ನೂ ಬಿಡಬೇಡಿ. ಬಿಡಬೇಕಾದದ್ದು ಬೆಳ್ಳುಳ್ಳಿ, ಅದೂ ಸದ್ಯಕ್ಕೆ ಮಾತ್ರ. ಬೇಳೆಯನ್ನು ನೆನೆಸದೆ ಬೇಯಿಸುವುದನ್ನು ಮಾತ್ರ ಪೂರ್ತಿ ನಿಲ್ಲಿಸಿ.

ನೀವು ಹೇಳಿದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಸುಳಿವು ಹೊತ್ತು. ಉಂಡು ಏಳುವಷ್ಟರಲ್ಲೇ ಹೊಟ್ಟೆ ಬಿಗಿದರೆ ಅದು ಜಠರದ ವಿಷಯ: ತಟ್ಟೆಯಲ್ಲಿ ಹೆಚ್ಚಾಗಿರುತ್ತದೆ, ಅವಸರದಲ್ಲಿ ಗಾಳಿ ನುಂಗಿರುತ್ತೀರಿ, ಇಲ್ಲವೇ ಎಣ್ಣೆ ತುಪ್ಪ ಜಾಸ್ತಿಯಾಗಿ ಜಠರ ನಿಧಾನವಾಗಿ ಖಾಲಿಯಾಗುತ್ತಿರುತ್ತದೆ. ಮೂರ್ನಾಲ್ಕು ಗಂಟೆ ಕಳೆದ ಮೇಲೆ ಉಬ್ಬರ ಶುರುವಾದರೆ ಊಟದ ಒಂದು ಪಾಲು ಜೀರ್ಣವಾಗದೆ ದೊಡ್ಡ ಕರುಳಿಗೆ ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತಿವೆ ಎಂದೇ ಮೊದಲು ಅನುಮಾನಿಸಬೇಕು. ನಿಮ್ಮದು ಈ ಎರಡನೆಯ ಬಗೆ.

ಹಾಗೆ ತಲುಪುವುದು ಬೇಳೆಯೊಳಗಿನ ಕೆಲವು ಸಕ್ಕರೆಗಳು. ರಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂದು ಅವುಗಳ ಹೆಸರು. ಅವನ್ನು ಒಡೆಯಲು ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು, ಅದು ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ನಿಮ್ಮ ಜೀರ್ಣಶಕ್ತಿ ಕುಂದಿದೆ ಎಂದು ಇದರ ಅರ್ಥವಲ್ಲ, ಯಾರಲ್ಲೂ ಇಲ್ಲ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಬಿಡುತ್ತವೆ. ಅಷ್ಟೇ ಗ್ಯಾಸ್ ಒಬ್ಬರಿಗೆ ಗೊತ್ತೇ ಆಗದೆ ಹೋಗುತ್ತದೆ, ಕರುಳು ಸೂಕ್ಷ್ಮವಾಗಿರುವವರಿಗೆ ಹೊಟ್ಟೆ ಬಿರಿಯುವಂತೆ ಆಗುತ್ತದೆ.

ಅನ್ನವನ್ನು ಮೊದಲೇ ಆರೋಪಮುಕ್ತ ಮಾಡಿಬಿಡೋಣ. ಚೆನ್ನಾಗಿ ಬೆಂದ ಬಿಳಿ ಅನ್ನದ ಪಿಷ್ಟ ಹೆಚ್ಚುಕಡಿಮೆ ಪೂರ್ತಿಯಾಗಿ ಸಣ್ಣ ಕರುಳಿನಲ್ಲೇ ಹೀರಲ್ಪಡುತ್ತದೆ. ಗೋಧಿ, ಆಲೂಗಡ್ಡೆಗಿಂತಲೂ ಅದರಿಂದ ಗ್ಯಾಸ್ ಕಡಿಮೆ. ಬೇಯಿಸಿ ತಣ್ಣಗಾದ ಅನ್ನದಲ್ಲಿ ಪಿಷ್ಟದ ಒಂದು ಭಾಗ ಮತ್ತೆ ಬಿಗಿದುಕೊಂಡು ಜೀರ್ಣಕ್ಕೆ ಸಿಗದ ರೂಪ ತಾಳುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಮೊದಲಿನಂತಾಗುವುದಿಲ್ಲ. ಹಾಗಾಗಿ ಕಾರಣ ಹುಡುಕುತ್ತಿರುವ ದಿನಗಳಲ್ಲಿ ಬಿಸಿಬಿಸಿ ಅನ್ನವನ್ನೇ ಉಣ್ಣಿ. ಅನ್ನದ ಬಗ್ಗೆ ಇಷ್ಟು ಸಾಕು.

ಇನ್ನು ಕುಕ್ಕರಿನ ವಿಷಯ. ನೆನೆಸುವುದೂ ಬೇಯಿಸುವುದೂ ಒಂದೇ ಕೆಲಸ ಮಾಡುತ್ತವೆ, ವಿಸಲ್ ಹೆಚ್ಚಿಸಿದರೆ ನೆನೆಸುವುದು ಬೇಕಿಲ್ಲ ಎಂಬ ಲೆಕ್ಕ ತಪ್ಪು. ಈ ಸಕ್ಕರೆಗಳು ಶಾಖಕ್ಕೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ, ಆದರೆ ನೀರಿನಲ್ಲಿ ಕರಗುತ್ತವೆ. ನೆನೆಸಿದಾಗ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿದರೆ ಮಾತ್ರ ಲಾಭ. ನೆನೆಸಿದ ನೀರಿನಲ್ಲೇ ಬೇಯಿಸಿದರೆ ಇಳಿದದ್ದೆಲ್ಲ ವಾಪಸ್ ತಟ್ಟೆಗೇ ಬರುತ್ತದೆ. ತೆಳ್ಳನೆಯ ಬೇಳೆಕಟ್ಟು ಹೊಟ್ಟೆಗೆ ಹಗುರ ಎಂದು ಅದನ್ನೇ ಹೆಚ್ಚು ಕುಡಿಯುವವರಿದ್ದಾರೆ. ನೆನೆಸದ ಬೇಳೆಯ ಕಟ್ಟಾದರೆ ಬೇಯುವಾಗ ಕರಗಿದ ಸಕ್ಕರೆಯೂ ಅದರಲ್ಲೇ ಇರುತ್ತದೆ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ.

ಹಾಗಂತ ಬೇಯಿಸುವುದನ್ನು ಕಡಿಮೆ ಮಾಡುವಂತಿಲ್ಲ. ಅರೆಬೆಂದ ಬೇಳೆಯ ಪಿಷ್ಟ ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ಅದೂ ಕೆಳಗಿಳಿದು ಹುದುಗುತ್ತದೆ. ಪ್ರೋಟೀನ್ ಜೀರ್ಣವಾಗಲು ಅಡ್ಡಿಪಡಿಸುವ ಕೆಲವು ಅಂಶಗಳೂ ಬೇಳೆಕಾಳಿನಲ್ಲಿವೆ, ಅವು ಹೋಗುವುದು ಚೆನ್ನಾಗಿ ಬೆಂದಾಗ ಮಾತ್ರ. ಸಕ್ಕರೆ ತೆಗೆಯಲು ನೆನೆಸಬೇಕು, ಪಿಷ್ಟ ಬಿಡಿಸಲು ಬೇಯಿಸಬೇಕು.

ನಾಲ್ಕು ಜನರ ಊಟಕ್ಕೆ ಲೆಕ್ಕ ಹೇಳುತ್ತೇನೆ. ತೊಗರಿಬೇಳೆ 120 ಗ್ರಾಂ ತೆಗೆದುಕೊಳ್ಳಿ, 200 ಮಿಲಿ ಹಿಡಿಸುವ ಲೋಟದಲ್ಲಿ ಸುಮಾರು ಮುಕ್ಕಾಲು ಲೋಟ. ಒಬ್ಬರಿಗೆ ಒಣಬೇಳೆ 30 ಗ್ರಾಂ ಬಂತು, ಹೊಟ್ಟೆ ಸುಧಾರಿಸುವವರೆಗೆ ಇದಕ್ಕಿಂತ ಹೆಚ್ಚು ಬೇಡ. ನೀರು ತಿಳಿಯಾಗುವವರೆಗೆ ಮೂರ್ನಾಲ್ಕು ಸಲ ತೊಳೆದು, ಮೂರು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ 2ರಿಂದ 4 ಗಂಟೆ ನೆನೆಸಿ. ನೆನೆದದ್ದು ಸಾಕೋ ಇಲ್ಲವೋ ತಿಳಿಯಲು ಒಂದು ಬೇಳೆಯನ್ನು ಉಗುರಿನಿಂದ ಒತ್ತಿ ಮುರಿಯಿರಿ. ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ನೀರು ನಡುವಿನವರೆಗೆ ಹೋಗಿದೆ. ನಡುವೆ ಒಣಗಿದ ಬಿಳಿ ಚುಕ್ಕೆ ಕಂಡರೆ ಇನ್ನೂ ಬೇಕು. ಆಮೇಲೆ ನೀರನ್ನು ಪೂರ್ತಿ ಬಸಿದು, ಇನ್ನೊಮ್ಮೆ ತೊಳೆದು ಅದನ್ನೂ ಚೆಲ್ಲಿ. ಸ್ವಲ್ಪ ಬಿ ವಿಟಮಿನ್ ಕೂಡ ಹೋಗುತ್ತದೆ, ನಿಮ್ಮ ಪರಿಸ್ಥಿತಿಯಲ್ಲಿ ಆ ನಷ್ಟಕ್ಕೆ ಯೋಚಿಸಬೇಡಿ. ಸೆಕೆಗಾಲದಲ್ಲಿ ಹೊರಗಿಟ್ಟ ನೀರಿನಲ್ಲಿ ನೊರೆ ಬಂದು ಹುಳಿ ವಾಸನೆ ಹೊಡೆದರೆ ಹೊತ್ತು ಮೀರಿದೆ ಎಂದು ಅರ್ಥ. ರಾತ್ರಿಯೇ ನೆನೆಹಾಕುವುದಾದರೆ ಫ್ರಿಜ್ಜಿನಲ್ಲಿಡಿ.

ಕುಕ್ಕರಿಗೆ ಎರಡು ಲೋಟ ಹೊಸ ನೀರು, ಚಿಟಿಕೆ ಅರಿಶಿನ, ನೊರೆ ಉಕ್ಕದಂತೆ ಅರ್ಧ ಚಮಚ ಎಣ್ಣೆ. ದೊಡ್ಡ ಉರಿಯಲ್ಲಿ 3 ವಿಸಲ್ ಬಂದ ಮೇಲೆ ಸಣ್ಣ ಉರಿಯಲ್ಲಿ 5 ನಿಮಿಷ ಬಿಟ್ಟು ಆರಿಸಿ. ಪ್ರೆಶರ್ ತಾನಾಗಿ ಇಳಿಯಲಿ, ಆ ಹದಿನೈದು ನಿಮಿಷದಲ್ಲೂ ಬೇಳೆ ಬೇಯುತ್ತಿರುತ್ತದೆ. ಮುಚ್ಚಳ ತೆಗೆದ ಮೇಲೆ ಒಂದು ಬೇಳೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಬೆಣ್ಣೆಯಂತೆ ಹರಡಬೇಕು, ಸಣ್ಣ ರವೆಯಂಥ ಗಟ್ಟಿ ಕಣವೂ ಕೈಗೆ ಸಿಗಬಾರದು. ಹುಣಸೆಹಣ್ಣು, ಟೊಮ್ಯಾಟೊ ಇಂಥ ಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಬೇಳೆ ಮೆತ್ತಗಾಗುವುದು ತಡವಾಗುತ್ತದೆ. ಗಡಸು ನೀರು, ತುಂಬ ಹಳೆಯ ಬೇಳೆ ಕೂಡ ಹೀಗೇ ಮಾಡುತ್ತವೆ. ಆಗ ಕುದಿಸಿ ತಣಿಸಿದ ಅಥವಾ ಫಿಲ್ಟರ್ ನೀರು ಬಳಸಿ, ಸಣ್ಣ ಉರಿಯಲ್ಲಿ ಇನ್ನೂ ಐದು ನಿಮಿಷ ಹೆಚ್ಚು ಬಿಡಿ. ಅಡುಗೆ ಸೋಡ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ. ತೊಗರಿಬೇಳೆಗೆ ಅದರ ಅಗತ್ಯವೇ ಇಲ್ಲ.

ಕಡಲೆ, ರಾಜ್ಮಾದಂಥ ಇಡೀ ಕಾಳುಗಳಿಗೆ 8ರಿಂದ 12 ಗಂಟೆ ನೆನೆಸಬೇಕು, ನಡುವೆ ಒಮ್ಮೆ ನೀರು ಬದಲಿಸಬೇಕು. ರಾಜ್ಮಾವನ್ನು ಮಾತ್ರ ಕಡೇಪಕ್ಷ ಹತ್ತು ನಿಮಿಷ ಕೊತಕೊತ ಕುದಿಸದೆ ತಿನ್ನಲೇಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಅಂಶದಿಂದ ವಾಂತಿ ಭೇದಿಯಾಗುತ್ತದೆ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಹೋಗುವುದಿಲ್ಲ.

ಈಗ ಒಗ್ಗರಣೆ. ನಿಮ್ಮ ಪ್ರಶ್ನೆಯಲ್ಲಿ ಗ್ಯಾಸಿಗೆ ಔಷಧಿ ಎಂದುಕೊಂಡ ಪದಾರ್ಥವೇ ಗ್ಯಾಸ್ ಹೆಚ್ಚಿಸುತ್ತಿರುವ ಸಾಧ್ಯತೆ ಇದೆ. ಬೆಳ್ಳುಳ್ಳಿ, ಈರುಳ್ಳಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಸರಣಿ ಇದೆ. ಅದೂ ನಮ್ಮ ಸಣ್ಣ ಕರುಳಿನಲ್ಲಿ ಒಡೆಯುವುದಿಲ್ಲ, ಅದೂ ದೊಡ್ಡ ಕರುಳಿನಲ್ಲೇ ಹುದುಗುತ್ತದೆ. ಬೇಳೆಯ ಸಕ್ಕರೆಯ ಮೇಲೆ ಇದೂ ಸೇರಿದರೆ ಹೊರೆ ಎರಡಾಯಿತು. ಬೆಳ್ಳುಳ್ಳಿಯ ಘಮ ಬೇಕೇ ಬೇಕು ಅನ್ನುವುದಾದರೆ ಒಂದು ದಾರಿ ಇದೆ: ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳುಗಳನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕಾಯಿಸಿ, ಎಸಳನ್ನು ಎತ್ತಿ ಹೊರಗಿಟ್ಟು, ಆ ಎಣ್ಣೆಯಲ್ಲೇ ಒಗ್ಗರಣೆ ಮಾಡಿ. ಎಸಳು ಸಾರಿಗೆ ಬಿದ್ದರೆ ಈ ಉಪಾಯ ಕೆಟ್ಟಂತೆ.

ಇಂಗು, ಜೀರಿಗೆ, ಓಮ ಇವುಗಳನ್ನು ನಾನು ಖಂಡಿತ ಹಾಕಿ ಅನ್ನುತ್ತೇನೆ, ಆದರೆ ಅವುಗಳಿಂದ ಏನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಿರಲಿ. ಅವು ಬೇಳೆಯ ಸಕ್ಕರೆಯನ್ನು ತೆಗೆಯುವುದಿಲ್ಲ. ಕರುಳಿನ ಸ್ನಾಯುವಿನ ಬಿಗಿತ ಸಡಿಲಿಸಿ, ತುಂಬಿಕೊಂಡ ಗಾಳಿ ಹೊರಹೋಗಲು ನೆರವಾಗುವುದೇ ಅವುಗಳ ಮುಖ್ಯ ಕೆಲಸ. ನಾಲ್ಕು ಜನರ ಸಾರಿಗೆ ಜೀರಿಗೆ ಒಂದು ಚಮಚ, ಇಂಗು ಒಂದು ಚಿಟಿಕೆ ಸಾಕು. ಜೀರಿಗೆ ಸಿಡಿದ ಮೇಲೆ ಉರಿ ಆರಿಸಿ ಇಂಗು ಹಾಕಿ, ಸೀದರೆ ಕಹಿಯಾಗುತ್ತದೆ. ಓಮ ಕಾಲು ಚಮಚ ಮೀರಬಾರದು, ಎದೆಯುರಿ ಇರುವವರು ಅದನ್ನು ಬಿಟ್ಟರೇ ಒಳ್ಳೆಯದು. ಶುಂಠಿ ಜಠರ ಬೇಗ ಖಾಲಿಯಾಗಲು ನೆರವಾಗುತ್ತದೆ, ಹಾಗಾಗಿ ಉಂಡ ಕೂಡಲೇ ಭಾರವೆನಿಸುವವರಿಗೆ ಅದು ಹೆಚ್ಚು ಉಪಯೋಗ. ನಿಮ್ಮ ಸಂಜೆಯ ಉಬ್ಬರಕ್ಕೆ ಅದರ ಮೇಲೆ ಭರವಸೆ ಇಡಬೇಡಿ. ಇನ್ನೊಂದು ಮಾತು, ಪುಡಿ ಇಂಗಿಗೆ ಹಲವು ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ. ಸೀಲಿಯಾಕ್ ಕಾಯಿಲೆ ಇರುವವರು ಡಬ್ಬಿಯ ಮೇಲಿನ ಪಟ್ಟಿ ಓದಲೇಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಗೊತ್ತಾಗುವುದಿಲ್ಲ. ಹೋಲಿಸಿ ನೋಡಲಿಕ್ಕೆಂದು ಮೊದಲ ನಾಲ್ಕು ದಿನ ಮಾತ್ರ ಬೇಳೆಯನ್ನು ಎಂದಿನಂತೆ ನೆನೆಸದೆಯೇ ಮಾಡಿ, ಬೆಳ್ಳುಳ್ಳಿ ಈರುಳ್ಳಿ ಬಿಡಿ. ಮುಂದಿನ ನಾಲ್ಕು ದಿನ ನೆನೆಸಿ ಬಸಿದ ಬೇಳೆ, ಆಗಲೂ ಬೆಳ್ಳುಳ್ಳಿ ಬೇಡ. ಆಮೇಲೆ ನಾಲ್ಕು ದಿನ ನೆನೆಸಿದ ಬೇಳೆಗೆ ಬೆಳ್ಳುಳ್ಳಿ ವಾಪಸ್ ಹಾಕಿ. ತಟ್ಟೆಯ ಪ್ರಮಾಣ ಅಷ್ಟೂ ದಿನ ಒಂದೇ ಇರಲಿ. ಪ್ರತಿ ಸಂಜೆ ಉಬ್ಬರ ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆದಿಡಿ. ಊಟದ ಜೊತೆ ಹಾಲು, ಮಜ್ಜಿಗೆ ಇದ್ದರೆ ಅದನ್ನೂ ಬರೆಯಿರಿ, ಲ್ಯಾಕ್ಟೋಸ್ ಆಗದವರಲ್ಲಿ ತಪ್ಪು ಬೇಳೆಯ ತಲೆಗೆ ಬಂದಿರುತ್ತದೆ. ಮೂರನೆಯ ಸುತ್ತಿನಲ್ಲಿ ಅಂಕಿ ಮತ್ತೆ ಏರಿದರೆ ಬೆಳ್ಳುಳ್ಳಿಯೇ ದೊಡ್ಡ ಪಾಲುದಾರ. ಎರಡನೆಯ ಸುತ್ತಿನಲ್ಲೇ ಸ್ಪಷ್ಟವಾಗಿ ಇಳಿದು, ಬೆಳ್ಳುಳ್ಳಿ ಬಂದರೂ ಇಳಿದೇ ಉಳಿದರೆ ಕೊರತೆ ಇದ್ದದ್ದು ನೆನೆಸುವುದರಲ್ಲಿ.

ಮೂರು ಸುತ್ತಲ್ಲೂ ಬದಲಾವಣೆ ಕಾಣದಿದ್ದರೆ ತೊಗರಿಯ ಬದಲು ಸಿಪ್ಪೆ ತೆಗೆದ ಹೆಸರುಬೇಳೆ ಹಾಕಿ ನೋಡಿ, ಹೆಚ್ಚಿನವರಿಗೆ ಅದು ಹಗುರ. ಆಲ್ಫಾ ಗ್ಯಾಲಕ್ಟೋಸಿಡೇಸ್ ಮಾತ್ರೆಗಳೂ ಸಿಗುತ್ತವೆ. ಮೊದಲ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು, ಉಬ್ಬರ ಶುರುವಾದ ಮೇಲೆ ನುಂಗಿ ಉಪಯೋಗವಿಲ್ಲ. ಫ್ರಕ್ಟಾನ್ ಮೇಲೆ ಅದು ಕೆಲಸ ಮಾಡುವುದಿಲ್ಲ, ಗ್ಯಾಲಕ್ಟೋಸೀಮಿಯಾ ಇರುವವರು ತೆಗೆದುಕೊಳ್ಳಬಾರದು.

ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ ಇದ್ದರೆ, 50 ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ ಈ ಪ್ರಯೋಗಗಳಲ್ಲಿ ದಿನ ಕಳೆಯದೆ ವೈದ್ಯರನ್ನು ನೋಡಿ. ಹೆಂಗಸರಲ್ಲಿ ಏನು ಉಂಡರೂ ಉಣ್ಣದಿದ್ದರೂ ವಾರಗಟ್ಟಲೆ ಉಬ್ಬರ ಇಳಿಯದೇ ಇದ್ದರೆ ಅಂಡಾಶಯದ ತಪಾಸಣೆಯನ್ನೂ ಕೇಳಿ ಮಾಡಿಸಿ.