ಆ ಎರಡು ಮನೆಗಳ ಬಾಕಿ

*ಮಾನ್ಯ ಸಂಪಾದಕರೇ, ನನಗೆ 41 ವರ್ಷ. ಅಂಧೇರಿಯ ಒಂದು ಸಾರಿಗೆ ಕಂಪನಿಯಲ್ಲಿ 13 ವರ್ಷದಿಂದ ಅಕೌಂಟ್ಸ್ ಎಕ್ಸಿಕ್ಯುಟಿವ್. ಹುದ್ದೆಯ ಹೆಸರು ಒಮ್ಮೆಯೂ ಬದಲಾಗಿಲ್ಲ. ಟೀಮ್ ಲೀಡರ್ ಕೆಲಸಕ್ಕೆ ಅರ್ಜಿ ಹಾಕಿದರೆ ‘ಜನರನ್ನು ನಡೆಸಿದ ಅನುಭವ ಇಲ್ಲ’ ಅನ್ನುತ್ತಾರೆ. ಡೊಂಬಿವಲಿಯಲ್ಲಿ ನಮ್ಮ 64 ಮನೆಗಳ ಸೊಸೈಟಿಗೆ ನಾಲ್ಕು ವರ್ಷದಿಂದ ನಾನೇ ಖಜಾಂಚಿ. 11 ಮನೆಗಳಿಂದ 6.40 ಲಕ್ಷ ಮೇಂಟೆನೆನ್ಸ್ ಬಾಕಿಯಿತ್ತು. ಕಮಿಟಿಯವರು ನೋಟಿಸ್ ಕೊಡೋಣ ಎಂದರು. ನಾನು ಮನೆಮನೆಗೆ ಹೋಗಿ ಕಂತು ಮಾಡಿಕೊಟ್ಟೆ. 14 ತಿಂಗಳಲ್ಲಿ ಎರಡು ಮನೆಗಳ 1.10 ಲಕ್ಷ ಮಾತ್ರ ಉಳಿಯಿತು. ಕನ್ನಡ ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಇದ್ದೇನೆ. ಇವೆಲ್ಲ ರೆಸ್ಯೂಮೆಯ ಕೊನೆಯಲ್ಲಿ ‘ಹವ್ಯಾಸಗಳು’ ಅಡಿಯಲ್ಲಿವೆ. ಸಂಬಳವಿಲ್ಲದ ಕೆಲಸವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? — ಓದುಗ, ಡೊಂಬಿವಲಿ*

ಹಿಡಿಯುತ್ತಾರೆ. ಆದರೆ ಖಜಾಂಚಿ ಎಂಬ ಪದವಿಯನ್ನಲ್ಲ. ಮುಂಬಯಿಯ ಸೊಸೈಟಿಗಳಲ್ಲಿ ಖಜಾಂಚಿ ಆಗುವುದು ಎಷ್ಟೋ ಸಲ ಮೀಟಿಂಗಿಗೆ ತಡವಾಗಿ ಬಂದವರ ಹಣೆಬರಹ. ಅದು ಸಂದರ್ಶನ ಮಾಡುವವರಿಗೂ ಗೊತ್ತು. ಅವರಿಗೂ ಒಂದು ಸೊಸೈಟಿ ಇರುತ್ತದಲ್ಲ! ನಿಮ್ಮ ಪತ್ರದಲ್ಲಿ ಬೆಲೆಬಾಳುವುದು ‘ನೋಟಿಸ್ ಕೊಡೋಣ ಎಂದರು, ನಾನು ಕಂತು ಮಾಡಿಕೊಟ್ಟೆ’ ಎಂಬ ಮಾತು. ನಿಮ್ಮ ಕೈಕೆಳಗಿನವರಲ್ಲದ, ನಿಮ್ಮಿಂದ ಸಂಬಳ ಪಡೆಯದ, ನಾಳೆ ಲಿಫ್ಟಿನಲ್ಲಿ ಮುಖ ತಿರುಗಿಸಬಹುದಾದ ಜನರನ್ನು ನೀವು ಒಪ್ಪಿಸಿದ್ದೀರಿ. ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಕುಳಿತವರು ಇದಕ್ಕಿಂತ ಕಷ್ಟದ್ದನ್ನು ಮಾಡಿರಬೇಕೆಂದೇನೂ ಇಲ್ಲ.

ಬರೆಯುವ ಮೊದಲು ಸೆಕ್ರೆಟರಿಯವರಿಂದ ಮಿನಿಟ್ಸ್ ಪುಸ್ತಕ, ನಾಲ್ಕೂ ವರ್ಷಗಳ ಆಡಿಟ್ ವರದಿ ಕೇಳಿ ಪಡೆಯಿರಿ. ಮಹಾರಾಷ್ಟ್ರದ ಸಹಕಾರಿ ಸೊಸೈಟಿಗಳು ವಾರ್ಷಿಕ ಸಭೆಯನ್ನು ಸೆಪ್ಟೆಂಬರ್ 30ರೊಳಗೆ ನಡೆಸಿ, ಲೆಕ್ಕಪತ್ರವನ್ನು ಅಲ್ಲಿ ಮಂಡಿಸಬೇಕು. ಹಾಗಾಗಿ ಬಾಕಿ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬುದು ಕಾಗದದ ಮೇಲೆ ಇದ್ದೇ ಇರುತ್ತದೆ. ನಿಮ್ಮ ನೆನಪಿನ 6.40 ಮತ್ತು ವರದಿಯ ಅಂಕಿ ಬೇರೆಯಾದರೆ ವರದಿಯದನ್ನೇ ಬರೆಯಿರಿ. ಕಂತಿನ ಪ್ರಸ್ತಾಪ ನಿಮ್ಮದೆಂದು ಮಿನಿಟ್ಸ್‌ನಲ್ಲಿದ್ದರೆ ‘ನಾನು’ ಎನ್ನಿ. ಇಲ್ಲದಿದ್ದರೆ ‘ಸಮಿತಿ ಒಪ್ಪಿದ ಯೋಜನೆಯನ್ನು ನಡೆಸಿದೆ’ ಎನ್ನಿ. ಕಂಪನಿಯವರು ವಿಚಾರಿಸಲು ನಿಮ್ಮ ಸೊಸೈಟಿ ಅಧ್ಯಕ್ಷರಿಗೆ ಫೋನ್ ಮಾಡಿದಾಗ ಅವರು ‘ಅದು ಎಲ್ಲರೂ ಸೇರಿ ಮಾಡಿದ್ದು’ ಎಂದುಬಿಟ್ಟರೆ, ರೆಸ್ಯೂಮೆಯ ಬೇರೆ ಸಾಲುಗಳ ಮೇಲೂ ಸಂಶಯ ಹುಟ್ಟುತ್ತದೆ. ಅದಕ್ಕೇ ವಿಚಾರಣೆಗೆಂದು ಅಧ್ಯಕ್ಷರ ಹೆಸರು ಕೊಡುವ ಮೊದಲು ಅವರ ಹತ್ತಿರ ಕುಳಿತು ರೆಸ್ಯೂಮೆಯ ಈ ಸಾಲನ್ನು ಓದಿ ಹೇಳಿ.

ಇನ್ನು ‘ಹವ್ಯಾಸಗಳು’ ಅಡಿಯಿಂದ ಅದನ್ನು ಎತ್ತಿ, ಉದ್ಯೋಗದ ಅನುಭವ ಮುಗಿದ ಕೂಡಲೇ ‘ಗೌರವ ಜವಾಬ್ದಾರಿಗಳು’ ಎಂದು ಬೇರೆ ತಲೆಬರಹ ಕೊಡಿ. ಉದ್ಯೋಗಗಳ ನಡುವೆ ತುರುಕಬೇಡಿ. ಸಂಬಳದ ಕೆಲಸವೆಂದುಕೊಂಡು ಆಮೇಲೆ ಅಲ್ಲವೆಂದು ಗೊತ್ತಾದರೆ ಮೋಸದಂತೆ ಕಾಣುತ್ತದೆ. ಸಾಲು ಹೀಗಿರಲಿ:

‘ಗೌರವ ಖಜಾಂಚಿ, 64 ಮನೆಗಳ ಸಹಕಾರಿ ವಸತಿ ಸಂಘ, ಡೊಂಬಿವಲಿ (4 ವರ್ಷ). 11 ಮನೆಗಳ 6.40 ಲಕ್ಷ ರೂ. ಬಾಕಿಗೆ ನೋಟಿಸಿನ ಬದಲು ಕಂತಿನ ಯೋಜನೆ ಸೂಚಿಸಿ, ಸಮಿತಿಯನ್ನು ಒಪ್ಪಿಸಿ, ಪ್ರತಿ ಮನೆಯೊಂದಿಗೂ ಮಾತುಕತೆ ನಡೆಸಿದೆ. 14 ತಿಂಗಳಲ್ಲಿ 5.30 ಲಕ್ಷ ಬಂತು. 9 ಮನೆಗಳ ಬಾಕಿ ಪೂರ್ತಿ ತೀರಿತು.’

ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ ಸಾಕು. ‘ಅತ್ಯುತ್ತಮ ನಾಯಕತ್ವ ಗುಣ’ ಎಂಬ ಮಾತು ಬೇಡ. ಬಾಕಿದಾರರ ಹೆಸರು, ಫ್ಲ್ಯಾಟ್ ನಂಬರ್ ಬಾಯಿತಪ್ಪಿಯೂ ಬೇಡ. ಹಣಕಾಸಿನ ಹುದ್ದೆಗೆ ಬಂದವರು ಮಂದಿಯ ಲೆಕ್ಕ ಹೊರಗೆ ಹಾಕಿದರೆ ಸಂದರ್ಶನ ಅಲ್ಲಿಗೇ ಮುಗಿಯಿತು.

ಕನ್ನಡ ಸಂಘದ್ದು ಒಂದೇ ಸಾಲು ಸಾಕು. ಅಲ್ಲೂ ಒಂದು ಗಟ್ಟಿ ಕೆಲಸ, ಉದಾಹರಣೆಗೆ ಯಾವುದಾದರೂ ಕಾರ್ಯಕ್ರಮದ ಬಜೆಟ್ ನಿಮ್ಮ ಕೈಯಲ್ಲಿದ್ದರೆ ಬರೆಯಿರಿ. ಬರೀ ಸದಸ್ಯರಾಗಿದ್ದರೆ ಅದನ್ನು ನಾಯಕತ್ವ ಎನ್ನಬೇಡಿ. ಸಂಘ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿಯಾಗಿದ್ದರೆ, ಸಮಿತಿ ಬದಲಾದಾಗ ಚಾರಿಟಿ ಕಮಿಷನರ್ ಕಚೇರಿಗೆ ‘ಚೇಂಜ್ ರಿಪೋರ್ಟ್’ ಸಲ್ಲಿಸಬೇಕು. ನಿಮ್ಮ ಹೆಸರು ಅದರಲ್ಲಿದೆಯೇ ನೋಡಿಕೊಳ್ಳಿ. ಬ್ಯಾನರಿನ ಮೇಲೆ ಇರುವ ಹೆಸರು ಆ ಕಡತದಲ್ಲಿ ಇಲ್ಲದಿರುವುದು ನಮ್ಮ ಸಂಘಗಳಲ್ಲಿ ಅಪರೂಪವಲ್ಲ.

ಎಲ್ಲ ಸರಿಯಾದರೂ ಇದಕ್ಕೊಂದು ಮಿತಿ ಇದೆ. ರಜೆ ಮಂಜೂರು ಮಾಡುವುದು, ಕೆಲಸದ ಮೌಲ್ಯಮಾಪನ ಬರೆಯುವುದು, ತಪ್ಪು ಮಾಡಿದವರನ್ನು ಎದುರು ಕೂರಿಸಿ ಹೇಳುವುದು ಸೊಸೈಟಿಯಲ್ಲಿ ಬರುವುದಿಲ್ಲ. ನೇರವಾಗಿ ಹತ್ತು ಜನರ ಮ್ಯಾನೇಜರ್ ಕೆಲಸಕ್ಕಿಂತ, ಇಬ್ಬರು ಮೂವರ ವಸೂಲಿ ತಂಡದ ಹುದ್ದೆಗೆ ಅರ್ಜಿ ಹಾಕಿ. ಅಲ್ಲಿ ನಿಮ್ಮ ಸೊಸೈಟಿ ಕೆಲಸವೂ ಆಫೀಸಿನ ಅನುಭವವೂ ಒಂದೇ ಕಡೆ ಕೂಡುತ್ತವೆ. ‘ಆಫೀಸ್ ಹೊತ್ತಿನಲ್ಲಿ ಸೊಸೈಟಿ ಫೋನ್ ಬರುತ್ತದೆಯೇ?’ ಎಂದು ಕೇಳಿಯೇ ಕೇಳುತ್ತಾರೆ. ಹೇಗೆ ನಿಭಾಯಿಸುತ್ತೀರಿ ಎಂದು ಇದ್ದದ್ದನ್ನೇ ಹೇಳಿ.

ಮತ್ತೊಂದು ಪ್ರಶ್ನೆಯೂ ಬರುತ್ತದೆ: ಉಳಿದ ಎರಡು ಮನೆಗಳ ಕತೆ ಏನು? ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಅಲ್ಲಿ ಮಾತು ಯಾಕೆ ಫಲಿಸಲಿಲ್ಲ, ಕಂತು ಯಾವಾಗ ನಿಂತಿತು, ಕೊನೆಗೆ ನೋಟಿಸಿನ ದಾರಿ ಹಿಡಿದಿರೋ ಇಲ್ಲವೋ, ಆ ನಿರ್ಧಾರ ಯಾರದು? ಇದಕ್ಕೆ ಎರಡು ನಿಮಿಷದ ಉತ್ತರವನ್ನು ಮನೆಯಲ್ಲಿ ಒಮ್ಮೆ ಜೋರಾಗಿ ಹೇಳಿ ನೋಡಿ.