‘ಬರಬೇ’ ಅಂತ ನಿಂತುಹೋದ ಮಾತು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಗೌರಿ ಹಬ್ಬಕ್ಕೆ ಒಂದು ವಾರ ಇರುವಾಗ ಆಕೆ ಸಲಹೆ ಕೇಳಲು ನನ್ನ ಹತ್ತಿರ ಬಂದರು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಇರುವುದು ಮೈಸೂರಿನಲ್ಲಿ. ತವರು ಮಂಡ್ಯದ ಕಡೆಯ ಹಳ್ಳಿ. ಕುಳಿತ ತಕ್ಷಣ ಹೇಳಿದ್ದು ಇಷ್ಟೇ: “ಅಣ್ಣ ಹಬ್ಬಕ್ಕೆ ಬರಬೇಡ ಅಂದುಬಿಟ್ಟ ಮೇಡಂ. ಬಾಗಿನ ಕೊಡೋ ಕೈನಲ್ಲೇ ಹಾಗೆ ಬರೆದ.” ಎರಡು ವಾರದಿಂದ ಅಣ್ಣ ತಂಗಿ ಮಾತಾಡಿರಲಿಲ್ಲ. ಆಕೆಗೆ ನಿದ್ದೆಯೂ ಇರಲಿಲ್ಲ.

ಏನು ಬರೆದಿದ್ದಾರೆ ಅಂತ ಕೇಳಿದೆ. ಆಕೆ ಬಾಯಲ್ಲಿ ಹೇಳಿದರು. ನಾನು ಆ ಮೆಸೇಜನ್ನೇ ತೋರಿಸಿ ಅಂದೆ. ಇಂಥ ಪ್ರಕರಣಗಳಲ್ಲಿ ನಾನು ಮೊದಲು ಮಾಡುವ ಕೆಲಸವೇ ಇದು. ಫೋನಿನಲ್ಲಿ ಇದ್ದದ್ದು ಹೀಗೆ:

“ಈ ಸಲ ಹಬ್ಬಕ್ಕೆ ನೀನು ಬರಬೇ”

ಅಷ್ಟೇ. ‘ಡ’ ಅಲ್ಲಿ ಇರಲೇ ಇಲ್ಲ. ಅದನ್ನು ಸೇರಿಸಿಕೊಂಡಿದ್ದು ಆಕೆಯೇ. ಮುಕ್ಕಾಲು ಗಂಟೆ ಕಾದು “ಆಯ್ತು ಅಣ್ಣ, ಬರಲ್ಲ” ಅಂತ ಉತ್ತರವನ್ನೂ ಕಳಿಸಿದ್ದರು.

ನಮ್ಮ ಭಾಷೆಯಲ್ಲಿ ಬೇಕು, ಬೇಡ ಎರಡೂ ಪದದ ಬಾಲದಲ್ಲಿ ಕೂತಿರುತ್ತವೆ. ‘ಬರಬೇ’ ತನಕ ಕರೆಯುವವನೂ ತಡೆಯುವವನೂ ಒಂದೇ ಅಕ್ಷರಗಳನ್ನು ಒತ್ತುತ್ತಾರೆ. ‘ಕೊಡಲ್ಲ’, ‘ಕೊಡಲಿ’ ಕೂಡ ಹಾಗೆಯೇ. ಬೆರಳು ಒಂದು ಅಕ್ಷರ ಮೊದಲೇ ಸೆಂಡ್ ಬಟನ್ ಮೇಲೆ ಬಿದ್ದರೆ, ಇಡೀ ವಾಕ್ಯದ ಅರ್ಥ ಹೊತ್ತ ತುಂಡೇ ಕಳೆದುಹೋಗುತ್ತದೆ. ಆ ಜಾಗವನ್ನು ಓದುವವರು ತಮ್ಮ ಮನಸ್ಸಿನಲ್ಲಿ ಇರುವುದರಿಂದ ತುಂಬಿಕೊಳ್ಳುತ್ತಾರೆ.

ಒಂದು ಹಾಳೆ ಕೊಟ್ಟು, ‘ಬರಬೇ’ ಆದಮೇಲೆ ಏನೇನು ಬರಬಹುದು, ಬರೆಯಿರಿ ಅಂದೆ. ಮೊದಲು ‘ಬರಬೇಡ’ ಬರೆದರು. ಆಮೇಲೆ ‘ಬರಬೇಕಾ?’ ಅಂತ ಬರೆದರು, ಅದೂ ಚುಚ್ಚುವ ಮಾತೇ. ‘ಬರಬೇಕು’ ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದ ಮೇಲೆ ಅತ್ತರು. ಆಗ ಹೊರಬಂದದ್ದು ಜಮೀನಿನ ವಿಷಯ. ಅಪ್ಪ ತೀರಿಕೊಂಡ ಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಆಕೆ ಸಹಿ ಹಾಕಿರಲಿಲ್ಲ. ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಆ ಮೆಸೇಜಿಗಿಂತ ಹಳೆಯದು.

ಅಣ್ಣನ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸಿ ನೋಡಿ ಅಂದೆ. ಎರಡು ತಿಂಗಳಲ್ಲಿ ಇನ್ನೂ ಮೂರು ಕಡೆ ಪದ ಅರ್ಧಕ್ಕೆ ನಿಂತಿತ್ತು. “ಅಮ್ಮನಿಗೆ ಮಾತ್ರೆ ತಂ”, “ಊಟ ಆಯ್”... ಅವೆಲ್ಲ ಆಕೆಗೆ ತಪ್ಪಾಗಿ ಕಂಡಿರಲೇ ಇಲ್ಲ, ಸುಮ್ನೆ ಪೂರ್ತಿಯಾಗಿ ಓದಿಕೊಂಡಿದ್ದರು. ಒಬ್ಬರ ಮೆಸೇಜು ಪದೇ ಪದೇ ಹೀಗೆ ನಿಲ್ಲುತ್ತಿದ್ದರೆ ಅದು ಬೆರಳಿನ ಅಭ್ಯಾಸ, ಅಲ್ವಾ?

ನಾನು ಕೊಟ್ಟ ಸಲಹೆ ಹೀಗಿತ್ತು. ಇದನ್ನು ಮೆಸೇಜಿನಲ್ಲಿ ಕೇಳಬೇಡಿ, ಫೋನ್ ಮಾಡಿ. “ಯಾಕೆ ಬರಬೇಡ ಅಂದೆ” ಅಂತ ಶುರು ಮಾಡಬೇಡಿ, ಅದು ಅವರು ಬರೆಯದ ಮಾತು. ಇರುವುದನ್ನು ಇದ್ದ ಹಾಗೆ ಓದಿ: “ಅಣ್ಣ, ನಿನ್ನ ಮೆಸೇಜು ‘ಬರಬೇ’ ಅಂತ ನಿಂತಿದೆ. ಮುಂದೆ ಏನಿತ್ತು?” ನಿಮ್ಮ ಉತ್ತರವನ್ನು ಅಳಿಸಲೂ ಹೋಗಬೇಡಿ. ಮೆಸೇಜು ಅಳಿಸಲಾಗಿದೆ ಅನ್ನುವ ಗುರುತು ಅಲ್ಲಿ ಉಳಿಯುತ್ತದೆ, ಅದು ಇನ್ನೊಂದು ಅನುಮಾನಕ್ಕೆ ದಾರಿ. ‘ಬೇಡ’ ಅಂತಲೇ ಬರೆಯಲು ಹೊರಟಿದ್ದರೆ ಏನು ಹೇಳುತ್ತೀರಿ ಅನ್ನುವುದನ್ನೂ ಅಭ್ಯಾಸ ಮಾಡಿಸಿದೆ. ಆ ಸಾಧ್ಯತೆ ಇಲ್ಲ ಅಂತ ನಾನು ಹೇಳುವ ಹಾಗಿರಲಿಲ್ಲ.

ಅಂದು ಸಂಜೆ ಆಕೆ ಅಣ್ಣನಿಗೆ ಫೋನ್ ಮಾಡಿದರು. ಅಣ್ಣನಿಗೆ ನಂಬಿಕೆಯೇ ಬರಲಿಲ್ಲವಂತೆ. “ನಾನ್ಯಾಕೆ ಬರಬೇಡ ಅಂತೀನಿ ಕಣವ್ವ? ಬರಬೇಕು ಅಂತಲ್ವಾ ಹಾಕಿದ್ದು!” ಕಬ್ಬಿನ ಗದ್ದೆಯಲ್ಲಿದ್ದಾಗ ಕರೆಂಟು ಬಂತು, ಮೋಟಾರು ಹಾಕಲು ಓಡಿದರು, ಫೋನು ಜೇಬಿಗೆ ಹೋಯಿತು. ತಾವು ಪೂರ್ತಿ ಬರೆದೆವು ಅಂತಲೇ ಅವರ ನೆನಪು. ಅದಕ್ಕೇ “ಬರಲ್ಲ” ಅನ್ನುವುದನ್ನು ಓದಿ, ಕರೆದರೂ ತಂಗಿ ಒಲ್ಲೆ ಅಂದಳು ಅಂತ ಅವರೂ ಕೊರಗಿದ್ದರು.

ಅಣ್ಣನಿಗೂ ಎರಡು ಮಾತು ಹೇಳಿ ಕಳಿಸಿದೆ. ಅವರ ವಾಟ್ಸಾಪ್‌ನ Settings ಒಳಗೆ Chats ಎಂಬಲ್ಲಿ Enter is send ಅನ್ನುವುದು ಆನ್ ಆಗಿದೆಯೇ ನೋಡಬೇಕು. ಅದು ಆನ್ ಇದ್ದರೆ ಕೀಲಿಮಣೆಯ ಮೂಲೆಯ ಎಂಟರ್ ಒತ್ತಿದರೂ ಮೆಸೇಜು ಹೊರಟುಬಿಡುತ್ತದೆ. ಅಳಿಸುವ ಕೀಲಿಯ ಪಕ್ಕದಲ್ಲೇ ಇರುವ ಆ ಜಾಗಕ್ಕೆ ದಪ್ಪ ಬೆರಳು ತಾಗುವುದು ಜಾಸ್ತಿ. ಆಫ್ ಮಾಡಿದರೂ ಬಾಣದ ಬಟನ್ ಇದ್ದೇ ಇರುತ್ತದೆ, ಹಾಗಾಗಿ ಕಳಿಸಿದ ಮೇಲೆ ಒಮ್ಮೆ ಕಣ್ಣಾಡಿಸಬೇಕು. 15 ನಿಮಿಷದ ಒಳಗಾದರೆ ಅದೇ ಮೆಸೇಜನ್ನು ಒತ್ತಿಹಿಡಿದು ತಿದ್ದಬಹುದು. ಆಮೇಲೆ ಆಗುವುದಿಲ್ಲ, ಹೊಸದಾಗಿ ಪೂರ್ತಿ ವಾಕ್ಯವನ್ನೇ ಕಳಿಸಬೇಕು.

ಆಕೆ ಹಬ್ಬಕ್ಕೆ ಹೋಗಿ ಬಂದರು. ಜಮೀನಿನ ಪತ್ರದ ಮಾತು ಹಾಗೇ ಉಳಿದಿದೆ. ಮುಂದಿನ ತಿಂಗಳು ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಬರುತ್ತೇವೆ ಅಂದಿದ್ದಾರೆ.